ಎಫ್‌ಸಿಯು ಬದಲಿಸಲು ವ್ಯಾಲ್ಯೂ ಇಂಜಿನಿಯರಿಂಗ್ ಪತ್ರ: ಕ್ಯಾಟಲಾಗ್ ಲಗತ್ತಿಸಿದರೆ ಸಾಕೇ?

ಕೂಲಿಂಗ್ ಕೂಲಿ

ನಮಸ್ಕಾರ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 96 ಕೋಣೆಯ ಹೋಟೆಲ್ ಕೆಲಸ. ಪ್ರತಿ ಕೋಣೆಗೆ ಫಾಲ್ಸ್ ಸೀಲಿಂಗ್ ಒಳಗೆ ಕೂರುವ ಒಂದು ಎಫ್‌ಸಿಯು, ಅಂದರೆ ಫ್ಯಾನ್ ಕಾಯಿಲ್ ಯೂನಿಟ್. ಎರಡು ಪೈಪು, ಚಿಲ್ಡ್ ವಾಟರ್ ಮಾತ್ರ. ಹೊರಗಿನ ಗಾಳಿಯನ್ನು ಬೇರೆ ಯಂತ್ರ ತಂಪು ಮಾಡಿ ಕೊಡುತ್ತದೆ.

ಟೆಂಡರ್‌ನಲ್ಲಿ ಹೊರದೇಶದ ಇಸಿ ಮೋಟರ್ ಯೂನಿಟ್ ಇದೆ, ಒಂದಕ್ಕೆ ₹46,000. ಇಲ್ಲೇ ತಯಾರಾಗುವ ಇಸಿ ಯೂನಿಟ್ ₹33,500ಕ್ಕೆ ಸಿಗುತ್ತಿದೆ. ಮಾಲೀಕರದ್ದು ಮನೆತನದ ಸಂಸ್ಥೆ. ಪತ್ರ ಕನ್ನಡದಲ್ಲಿರಲಿ, ತಾಂತ್ರಿಕ ಲಗತ್ತು ಕನ್ಸಲ್ಟಂಟ್‌ಗೆ ಪ್ರತ್ಯೇಕವಾಗಿ ಹೋಗಲಿ ಅಂದಿದ್ದಾರೆ. ಕರಡು ಹೀಗಿದೆ:

> ಮಾನ್ಯರೇ, ಟೆಂಡರ್‌ನಲ್ಲಿ ಸೂಚಿಸಿರುವ ಎಫ್‌ಸಿಯುಗೆ ಸರಿಸಮಾನವಾದ 1.5 ಟನ್, 600 ಸಿಎಫ್‌ಎಂ ಯೂನಿಟ್ ಒದಗಿಸಲು ಅನುಮತಿ ಕೋರುತ್ತೇವೆ. ಶಬ್ದ 36 ಡೆಸಿಬಲ್. ಕ್ಯಾಟಲಾಗ್ ಲಗತ್ತಿಸಿದೆ. ಇದರಿಂದ ತಮಗೆ ₹12,00,000 ಉಳಿತಾಯವಾಗುತ್ತದೆ. ಏಳು ದಿನದೊಳಗೆ ಅನುಮೋದನೆ ನೀಡಬೇಕಾಗಿ ವಿನಂತಿ.

ಡಿಸೈನ್ ಷೆಡ್ಯೂಲ್ ಪ್ರಕಾರ ಕೋಣೆ 24 ಡಿಗ್ರಿ, ಆರ್ದ್ರತೆ ಶೇ. 55, ನೀರು 7ರಲ್ಲಿ ಬಂದು 12ರಲ್ಲಿ ಹೋಗಬೇಕು. ಗಾಳಿಯ ಉಷ್ಣತೆ ಇಳಿಸುವ ಸೆನ್ಸಿಬಲ್ ಲೋಡ್ 2.5 ಕಿಲೋವ್ಯಾಟ್, ತೇವ ತೆಗೆಯುವುದೂ ಸೇರಿ ಒಟ್ಟು 3.0. ಮಧ್ಯಮ ವೇಗದಲ್ಲಿ, 30 ಪಾಸ್ಕಲ್ ಹೊರ ಸ್ಟ್ಯಾಟಿಕ್‌ನಲ್ಲಿ ಇಷ್ಟು ಸಿಗಬೇಕು. ಶಬ್ದ ಎನ್‌ಸಿ ಮಾಪನದಲ್ಲಿ 30 ದಾಟಬಾರದು. ಪತ್ರದಲ್ಲಿ ಏನು ಕೊರತೆ ಇದೆ ಹೇಳಿ.

ಟನ್ ಲೆಕ್ಕ

ಕೊರತೆ ಏನೂ ಇಲ್ಲ ಸರ್. 1.5 ಟನ್ ಅಂದ್ರೆ 5.3 ಕಿಲೋವ್ಯಾಟ್. ನಿಮಗೆ ಬೇಕಾಗಿರೋದು 3. ಹತ್ತಿರ ಹತ್ತಿರ ಎರಡು ಪಟ್ಟು ಇದೆ. ಮಾರ್ಕೆಟ್‌ನಲ್ಲಿ ಎಲ್ಲರೂ ಇದೇ ರೀತಿ ಕೊಡೋದು. ಕನ್ಸಲ್ಟಂಟ್ ಸುಮ್ನೆ ಎಳೀತಾರೆ ಅಷ್ಟೆ.

ಹಳೇ ಡ್ಯಾಂಪರ್

ಟನ್ ಲೆಕ್ಕ ಅವರೇ, ಆ 5.3 ಎಲ್ಲಿಂದ ಬಂತು ನೋಡಿ. ಕ್ಯಾಟಲಾಗ್ ಸಂಖ್ಯೆ ಸಾಮಾನ್ಯವಾಗಿ ಪೂರ್ತಿ ವೇಗದ್ದು. ಕೋಣೆಯ ಗಾಳಿ 27 ಡಿಗ್ರಿ ಡ್ರೈ ಬಲ್ಬ್, 19 ವೆಟ್ ಬಲ್ಬ್. ಬಹಳಷ್ಟು ಸಲ ಡಕ್ಟೂ ಗ್ರಿಲ್ಲೂ ಇಲ್ಲದೆ, ಹೊರ ಸ್ಟ್ಯಾಟಿಕ್ ಸೊನ್ನೆಯಲ್ಲಿ. ಈ ಹೋಟೆಲ್‌ನ ಕೋಣೆಯಲ್ಲಿ ಇದರಲ್ಲಿ ಒಂದೂ ಇಲ್ಲ.

24 ಡಿಗ್ರಿ, ಶೇ. 55 ಅಂದರೆ ವೆಟ್ ಬಲ್ಬ್ 18ಕ್ಕಿಂತ ಸ್ವಲ್ಪ ಕೆಳಗೆ. ಕಾಯಿಲ್‌ಗೆ ಬರುವ ಗಾಳಿಯಲ್ಲೇ ಶಾಖ ಕಡಿಮೆ ಇರುವುದರಿಂದ ಒಟ್ಟು ಸಾಮರ್ಥ್ಯದಲ್ಲಿ ಶೇ. 15ರಿಂದ 20 ಅಲ್ಲೇ ಹೋಗುತ್ತದೆ. ಮಧ್ಯಮ ವೇಗಕ್ಕೆ ಇಳಿಸಿದರೆ ಗಾಳಿ ಇಳಿಯುತ್ತದೆ. 30 ಪಾಸ್ಕಲ್ ಸೇರಿಸಿದರೆ ಮತ್ತೂ ಇಳಿಯುತ್ತದೆ. 600 ಅಂತ ಬರೆದ ಮೂರು ವೇಗದ ಸಾಮಾನ್ಯ ಮೋಟರ್ ಯೂನಿಟ್, ಹಾಕಿದ ಮೇಲೆ ಮಧ್ಯಮ ವೇಗದಲ್ಲಿ 360–400 ಸಿಎಫ್‌ಎಂ ಕೊಟ್ಟರೆ ಆಶ್ಚರ್ಯವಿಲ್ಲ. ಇಸಿ ಮೋಟರ್ ಆದರೆ ಸಿಗ್ನಲ್ ವೋಲ್ಟೇಜ್ ಏರಿಸಿ ಬೇಕಾದ ಗಾಳಿ ತೆಗೆಯಬಹುದು. ಆದರೆ ಆಗ ಶಬ್ದವೂ ವ್ಯಾಟ್ ಕೂಡ ಏರುತ್ತವೆ, ಕ್ಯಾಟಲಾಗ್‌ನ ಆ ಎರಡು ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು, ಬೆಂಗಳೂರಿನವರೇ ಮರೆಯುವ ವಿಷಯ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ. ಇಲ್ಲಿ ಗಾಳಿಯ ಸಾಂದ್ರತೆ ಶೇ. 10ರಷ್ಟು ಕಡಿಮೆ. ಫ್ಯಾನ್ ಅಷ್ಟೇ ಸಿಎಫ್‌ಎಂ ತಳ್ಳಿದರೂ ಅದರ ತೂಕ ಕಡಿಮೆ, ಹೊರುವ ಶಾಖವೂ ಕಡಿಮೆ. 400 ಸಿಎಫ್‌ಎಂ ಅಂದರೆ ಸೆಕೆಂಡಿಗೆ 0.189 ಘನ ಮೀಟರ್. ಗಾಳಿ 12.5 ಡಿಗ್ರಿಯಲ್ಲಿ ಹೊರಬರುತ್ತದೆ ಅಂತಿಟ್ಟುಕೊಂಡರೆ ಕೋಣೆಗೂ ಅದಕ್ಕೂ ವ್ಯತ್ಯಾಸ 11.5. ಮೊದಲ ಸಾಲು ಸಮುದ್ರಮಟ್ಟ, ಎರಡನೆಯದು ಬೆಂಗಳೂರು:

```
1.20 × 0.189 × 11.5 = 2.6 kW
1.08 × 0.189 × 11.5 = 2.35 kW
```

ಬೇಕಾಗಿದ್ದು 2.5. ಅದೇ ಯೂನಿಟ್ ಮಂಗಳೂರಲ್ಲಿ ಪಾಸು, ಇಲ್ಲಿ ಫೇಲು. ಗಾಳಿಯ ತೂಕ ಕಡಿಮೆಯಾದಾಗ ಕಾಯಿಲ್ ಅದನ್ನು ಒಂಚೂರು ಹೆಚ್ಚು ತಂಪು ಮಾಡುವುದರಿಂದ ನಿಜವಾದ ನಷ್ಟ ಪೂರ್ತಿ ಶೇ. 10 ಆಗುವುದಿಲ್ಲ, ನಿಜ. ಆದರೆ ಅಂಚಿನಲ್ಲಿ ನಿಂತ ಆಯ್ಕೆ ಬೀಳಲು ಅಷ್ಟು ಸಾಕು.

ಹಾಗಾಗಿ ಕ್ಯಾಟಲಾಗ್ ಕಿತ್ತುಹಾಕಿ. ತಯಾರಕರಿಂದ ಈ ಕೋಣೆಯದೇ ಸೆಲೆಕ್ಷನ್ ಶೀಟ್ ತರಿಸಿ. ಬಂದ ತಕ್ಷಣ ಮೊದಲು ನೋಡಬೇಕಾದ್ದು ಎತ್ತರದ ಕಾಲಂ. ಸಾಫ್ಟ್‌ವೇರ್‌ನಲ್ಲಿ ಯಾರೂ ಮುಟ್ಟದಿದ್ದರೆ ಅಲ್ಲಿ 0 ಮೀಟರ್ ಅಂತಲೇ ಇರುತ್ತದೆ.

ಇನ್ವರ್ಟರ್ ಅಭಿಮಾನಿ

ಅಷ್ಟೆಲ್ಲಾ ತಲೆನೋವು ಯಾಕೆ? ವ್ಯಾಲ್ಯೂ ಇಂಜಿನಿಯರಿಂಗ್ ಅಂದ್ಮೇಲೆ ಎಫ್‌ಸಿಯು ತೆಗೆದು ವಿಆರ್‌ಎಫ್ ಹಾಕಿ. ಚಿಲ್ಲರ್, ಪಂಪು, ಪೈಪು ಎಲ್ಲಾ ಉಳಿಯುತ್ತೆ.

ಕೂಲಿಂಗ್ ಕೂಲಿ

ಚಿಲ್ಲರ್ ಆಗಲೇ ಟೆರೇಸ್ ಮೇಲೆ ಕೂತಿದೆ, ರೈಸರ್ ಪೈಪ್ ಹೈಡ್ರೋ ಟೆಸ್ಟ್ ಮುಗಿದಿದೆ. ಉಳಿದಿರುವುದು ಎಫ್‌ಸಿಯು ಆರ್ಡರ್ ಒಂದೇ.

ಹಳೇ ಡ್ಯಾಂಪರ್ ಸರ್, ಶೀಟ್ ತೆಗೆದು ನೋಡಿದೆ. ಎತ್ತರ 0 ಅಂತಲೇ ಇತ್ತು! 900 ಹಾಕಿಸಿ ಮತ್ತೆ ತರಿಸುತ್ತಿದ್ದೇನೆ. ಅವರ ಬಳಿ ಮೂರು ರೋ ಕಾಯಿಲೂ ಇದೆ, ನಾಲ್ಕು ರೋ ಕಾಯಿಲೂ ಇದೆ. ₹33,500 ನಾಲ್ಕು ರೋದ ಬೆಲೆ.

ದೋಹಾ ದಾರಿ

ಇಲ್ಲಿ ಗಲ್ಫ್‌ನಲ್ಲಿ ಯುರೋವೆಂಟ್ ಅಥವಾ ಎಎಚ್‌ಆರ್‌ಐ ಸರ್ಟಿಫಿಕೇಟ್ ಇಲ್ಲದೆ ಫೈಲ್ ತೆರೆಯುವುದೇ ಇಲ್ಲ ಮಾರಾಯ್ರೆ. ಸರ್ಟಿಫಿಕೇಟ್ ಇದ್ದರೆ ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನೀವೂ ಅದನ್ನೇ ಲಗತ್ತಿಸಿ, ಕೆಲಸ ಮುಗಿಯಿತು.

ಹಳೇ ಡ್ಯಾಂಪರ್

ಅರ್ಧ ಒಪ್ಪುತ್ತೇನೆ. ತಯಾರಕ ತನ್ನ ಕ್ಯಾಟಲಾಗ್‌ನಲ್ಲಿ ಸುಳ್ಳು ಬರೆದಿಲ್ಲ ಅನ್ನುವುದಕ್ಕೆ ಸರ್ಟಿಫಿಕೇಟ್ ಸಾಕ್ಷಿ. ನಿಮ್ಮ ಕೋಣೆ ತಂಪಾಗುತ್ತದೆ ಅನ್ನುವುದಕ್ಕಲ್ಲ. ಯುರೋವೆಂಟ್ ಪರೀಕ್ಷೆ 27/19 ಗಾಳಿ, 7/12 ನೀರಿನಲ್ಲಿ. ಎಎಚ್‌ಆರ್‌ಐ 440 ಪರೀಕ್ಷೆ 26.7/19.4 ಗಾಳಿ, 7.2 ಡಿಗ್ರಿ ನೀರಿನಲ್ಲಿ. ಎರಡೂ ಒಂದು ಯೂನಿಟ್ ಅನ್ನು ಇನ್ನೊಂದರ ಜತೆ ನ್ಯಾಯವಾಗಿ ಹೋಲಿಸಲು ಇರುವ ಷರತ್ತುಗಳು. ಅವನ್ನೂ ಒಂದರ ಪಕ್ಕ ಒಂದು ಇಟ್ಟು ಹೋಲಿಸಬೇಡಿ, ವೆಟ್ ಬಲ್ಬ್ ಬೇರೆ ಇರುವುದರಿಂದ ಸಂಖ್ಯೆ ಬೇರೆ ಬರುತ್ತದೆ.

ಜತೆಗೆ ಸರ್ಟಿಫಿಕೇಟ್‌ನಲ್ಲಿರುವ ಮಾದರಿ ಸಂಖ್ಯೆಯನ್ನು ಅಕ್ಷರ ಅಕ್ಷರ ಓದಿ. ಅದೇ ಸೀರೀಸ್‌ನ ಮೂರು ರೋ ಯೂನಿಟ್‌ನ ಸರ್ಟಿಫಿಕೇಟ್ ಕೊಟ್ಟು ನಾಲ್ಕು ರೋ ಮಾರುವುದು ಉಂಟು. ಸಾಮಾನ್ಯ ಮೋಟರ್‌ನದ್ದು ಕೊಟ್ಟು ಇಸಿ ಮಾರುವುದೂ ಉಂಟು.

ದೋಹಾ ದಾರಿ

ಮಾದರಿ ಸಂಖ್ಯೆ ವಿಷಯ ಹೌದು. ಇಲ್ಲಿ ಕಾಯಿಲ್‌ಗೆ ಕೋಟಿಂಗ್ ಹಾಕಿಸಿದರೂ ಅದು ಬೇರೆಯೇ ಸಂಖ್ಯೆ ಆಗುತ್ತದೆ.

ಹುಬ್ಬಳ್ಳಿ ಮೇಂಟೆನೆನ್ಸ್

ನಂದೊಂದು ಪ್ರಶ್ನೆ ಐತ್ರಿ. ನಮ್ಮ ಆಸ್ಪತ್ರ್ಯಾಗ ಹಿಂಗ ಎಫ್‌ಸಿಯು ಬ್ಯಾರೆ ಕಂಪನಿದು ಹಾಕ್ಯಾರ. ಈಗ ವಾರ್ಡಿನ ಸೀಲಿಂಗಿಂದ ನೀರು ತೊಟ್ಟಿಕ್ಕತಾವು. ಡ್ರೇನ್ ಪೈಪ್ ಇಳಿಜಾರು ಸರಿ ಐತಿ, ಬ್ಲಾಕ್ ಇಲ್ಲ. ಮಷೀನ್ ಬಂದ್ ಮಾಡಿದ್ರ ನೀರು ಗಳಗಳ ಇಳೀತಾವು. ಏನಿರಬೌದ್ರಿ?

ಹಳೇ ಡ್ಯಾಂಪರ್

ಬಂದ್ ಮಾಡಿದಾಗ ಇಳಿಯುತ್ತದೆ ಅಂದರೆ ಪೈಪ್ ತಪ್ಪಿಲ್ಲ. ಹೊಸ ಯೂನಿಟ್‌ನಲ್ಲಿ ಫ್ಯಾನ್ ಕಾಯಿಲ್‌ನ ಹಿಂದಿದೆಯೋ ಮುಂದಿದೆಯೋ ನೋಡಿರಿ. ಫ್ಯಾನ್ ಗಾಳಿಯನ್ನು ಕಾಯಿಲ್ ಮೇಲೆ ಊದುತ್ತಿದ್ದರೆ ಟ್ರೇ ಇರುವ ಜಾಗದಲ್ಲಿ ಒತ್ತಡ ಹೆಚ್ಚು, ನೀರು ತಾನೇ ಹೊರಗೆ ಹೋಗುತ್ತದೆ. ಕಾಯಿಲ್ ಮೂಲಕ ಎಳೆಯುತ್ತಿದ್ದರೆ ಅಲ್ಲಿ ಒತ್ತಡ ಕಡಿಮೆ, ಡ್ರೇನ್ ಬಾಯಿಯಿಂದ ಗಾಳಿ ಒಳಗೆ ನುಗ್ಗಿ ನೀರನ್ನು ತಡೆಯುತ್ತದೆ. ಅದಕ್ಕೆ ನೀರು ತುಂಬಿದ ಟ್ರ್ಯಾಪ್ ಬೇಕು. ಹಳೆಯದು ಊದುವಂಥದ್ದು, ಹೊಸದು ಎಳೆಯುವಂಥದ್ದು ಆಗಿದ್ದು ಟ್ರ್ಯಾಪ್ ಇಲ್ಲದೆ ಹಳೇ ಪೈಪಿಗೇ ಜೋಡಿಸಿದ್ದರೆ ಇದೇ ಆಗುವುದು. ಟ್ರೇ ಮುಚ್ಚಳ ತೆಗೆದು, ಡ್ರೇನ್ ಬಾಯಿ ಹತ್ತಿರ ತೆಳ್ಳನೆಯ ಟಿಶ್ಯೂ ಹಿಡಿಯಿರಿ. ಪೈಪಿನಿಂದ ಟ್ರೇ ಕಡೆಗೆ ಹಾರಿದರೆ ಖಚಿತ.

ಕೂಲಿಂಗ್ ಕೂಲಿ, ಇದು ನಿಮಗೂ ಅನ್ವಯ. ಪತ್ರದಲ್ಲಿ ಎರಡೂ ಯೂನಿಟ್ ಒಂದೇ ಬಗೆಯದೋ ಅಂತ ಒಂದು ಸಾಲು ಬರೆಯಿರಿ. ಅಲ್ಲದಿದ್ದರೆ ಟ್ರ್ಯಾಪ್‌ಗೆ ಬೇಕಾದ ಎತ್ತರ ಸೀಲಿಂಗ್ ಒಳಗೆ ಇದೆಯಾ ನೋಡಿ.

ಹುಬ್ಬಳ್ಳಿ ಮೇಂಟೆನೆನ್ಸ್

ಟಿಶ್ಯೂ ಒಳಗ ಹೋತ್ರಿ. ಟ್ರ್ಯಾಪ್ ಇಲ್ಲ. ಸೀಲಿಂಗಿನಾಗ ಜಾಗ ಭಾಳ ಕಡಿಮಿ ಐತಿ, ಹೆಂಗ ಮಾಡೋದು ನೋಡ್ತೀನಿ.

ಕೂಲಿಂಗ್ ಕೂಲಿ

ನಮ್ಮವು ಎರಡೂ ಊದುವ ಬಗೆಯವೇ. ಹೊಸ ಶೀಟ್ ಬಂತು, ಎತ್ತರ 900 ಮೀಟರ್, 24 ಡಿಗ್ರಿ/ಶೇ. 55, 30 ಪಾಸ್ಕಲ್. ಮೂರು ರೋ ಕಾಯಿಲ್ ಸೆನ್ಸಿಬಲ್‌ನಲ್ಲೇ ಬಿತ್ತು. ನಾಲ್ಕು ರೋ 440 ಸಿಎಫ್‌ಎಂನಲ್ಲಿ ಸೆನ್ಸಿಬಲ್ 2.58, ಒಟ್ಟು 3.15 ಕಿಲೋವ್ಯಾಟ್ ಕೊಡುತ್ತದೆ. ನೀರು ಸೆಕೆಂಡಿಗೆ 0.15 ಲೀಟರ್. ಮೋಟರ್ 38 ವ್ಯಾಟ್, ಟೆಂಡರ್ ಯೂನಿಟ್‌ನದ್ದು 31.

ಶಬ್ದದ ವಿಷಯಕ್ಕೆ ಬಂದರೆ, ಟೆಂಡರ್ ಯೂನಿಟ್ ಕ್ಯಾಟಲಾಗ್‌ನಲ್ಲಿ 44 ಇದೆ, ನಮ್ಮದರಲ್ಲಿ 36. ಅಂದರೆ ನಮ್ಮದೇ ಮೌನ ಅಂತ ಬರೆಯಬಹುದಲ್ವಾ?

ಹಳೇ ಡ್ಯಾಂಪರ್

ಬರೆಯಬೇಡಿ! 44 ಸೌಂಡ್ ಪವರ್ ಇರಬೇಕು, 36 ಸೌಂಡ್ ಪ್ರೆಷರ್. ಸೌಂಡ್ ಪವರ್ ಅಂದರೆ ಯಂತ್ರವೇ ಹೊರಡಿಸುವ ಶಬ್ದ, ಅದು ಕೋಣೆ ಬದಲಾದರೆ ಬದಲಾಗುವುದಿಲ್ಲ. ಪ್ರೆಷರ್ ಅಂದರೆ ಒಂದು ದೂರದಲ್ಲಿ, ಒಂದು ಕೋಣೆಯಲ್ಲಿ ಕಿವಿಗೆ ಬೀಳುವುದು. ಕೋಣೆ ಇಷ್ಟು ಡೆಸಿಬಲ್ ನುಂಗುತ್ತದೆ ಅಂತ ತಯಾರಕರೇ ಊಹಿಸಿ ಕಳೆದಿರುತ್ತಾರೆ. ಎಷ್ಟು ಕಳೆದರು ಅನ್ನುವುದು ಪುಟದ ಕೆಳಗಿನ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅಥವಾ ಇರುವುದೇ ಇಲ್ಲ. 8–10 ಡೆಸಿಬಲ್ ಕಳೆದಿದ್ದರೆ ಎರಡೂ ಯಂತ್ರ ಒಂದೇ, ಅಥವಾ ನಿಮ್ಮದೇ ಜೋರು.

ಆಕ್ಟೇವ್ ಬ್ಯಾಂಡ್ ಪ್ರಕಾರ ಸೌಂಡ್ ಪವರ್ ಕೇಳಿ. ಗಾಳಿ ಹೊರಬರುವ ಕಡೆಯದು ಬೇರೆ, ಒಳಸೇರುವ ಕಡೆ ಮತ್ತು ಡಬ್ಬಿಯಿಂದ ಹೊಮ್ಮುವುದು ಬೇರೆ. 440 ಸಿಎಫ್‌ಎಂ ತೆಗೆಯುವ ವೋಲ್ಟೇಜ್‌ನಲ್ಲೇ ಬೇಕು. ನಿಮ್ಮ ಕೋಣೆಯಲ್ಲಿ ಹೊರಬರುವ ಕಡೆ ಸ್ವಲ್ಪವಾದರೂ ಡಕ್ಟ್ ಇದೆ. ರಿಟರ್ನ್ ಗಾಳಿ ಗ್ರಿಲ್ ಮೂಲಕ ನೇರ ಫ್ಯಾನ್ ಬಾಯಿಗೆ ಹೋಗುತ್ತದೆ. ಹೋಟೆಲ್ ಕೋಣೆಗಳಲ್ಲಿ ಅತಿಥಿ ದೂರುವ ಶಬ್ದ ಹೆಚ್ಚಾಗಿ ಆ ದಾರಿಯಿಂದಲೇ ಬರುವುದು.

ಬಿಲ್ ಬಾಣ

ಕ್ವಾಂಟಿಟಿ ಸರ್ವೇ ಕಡೆಯಿಂದ ಒಂದು ಮಾತು. ಒಪ್ಪಂದ ಯಾವುದು? ಫಿಡಿಕ್ ಮಾದರಿ ಒಪ್ಪಂದದ 1999ರ ಕೆಂಪು ಪುಸ್ತಕ ಆದರೆ ವ್ಯಾಲ್ಯೂ ಇಂಜಿನಿಯರಿಂಗ್ ಕಲಂ 13.2 ಓದಿ. "ಮಾಲೀಕರಿಗೆ ₹12,00,000 ಉಳಿತಾಯ" ಅಂತ ಬರೆದರೆ ನಿಮ್ಮ ಪಾಲನ್ನು ನೀವೇ ಬಿಟ್ಟುಕೊಟ್ಟಂತೆ.

ಟನ್ ಲೆಕ್ಕ

ಉಳಿತಾಯದಲ್ಲಿ ಅರ್ಧ ನಿಮಗೆ, ಅರ್ಧ ಅವರಿಗೆ. ₹6 ಲಕ್ಷ ಆರಾಮಾಗಿ ಬರುತ್ತೆ ಸರ್.

ಬಿಲ್ ಬಾಣ

ಅಷ್ಟು ಆರಾಮ ಇಲ್ಲ. ಆ ಕಲಮಿನಲ್ಲಿ ಅರ್ಧ ಸಿಗುವುದು ಬೆಲೆ ಇಳಿಕೆಯ ಅರ್ಧವಲ್ಲ. ಬೆಲೆ ಎಷ್ಟು ಇಳಿಯಿತೋ ಅದರಿಂದ, ಮಾಲೀಕರಿಗೆ ಸಿಗುವ ವಸ್ತುವಿನ ಮೌಲ್ಯ ಎಷ್ಟು ಇಳಿಯಿತೋ ಅದನ್ನು ಕಳೆಯಬೇಕು. ಗುಣಮಟ್ಟ, ಬಾಳಿಕೆ, ಓಡಿಸುವ ದಕ್ಷತೆ ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಉಳಿದದ್ದರಲ್ಲಿ ಅರ್ಧ. ನಿಮ್ಮ ಯೂನಿಟ್ 7 ವ್ಯಾಟ್ ಹೆಚ್ಚು ತಿನ್ನುತ್ತದೆ ಅಂತ ನೀವೇ ಹೇಳಿದಿರಿ. ಅದನ್ನು ಅವರು ಎತ್ತುವ ಮೊದಲು ನೀವೇ ಪತ್ರದಲ್ಲಿ ಇಡಿ.

ಇನ್ನೊಂದು ಮುಳ್ಳು. ಪ್ರಸ್ತಾವದಲ್ಲಿ ವಿನ್ಯಾಸ ಬದಲಾವಣೆ ಇದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಭಾಗದ ವಿನ್ಯಾಸದ ಹೊಣೆ ನಿಮ್ಮದೇ. ನಾಳೆ ಕೋಣೆ ತಂಪಾಗದಿದ್ದರೆ ಕನ್ಸಲ್ಟಂಟ್ ಕಡೆ ಬೆರಳು ತೋರಿಸಲು ಆಗುವುದಿಲ್ಲ. ಪ್ರಸ್ತಾವ ತಯಾರಿಸುವ ಖರ್ಚೂ ನಿಮ್ಮದೇ.

ಕೂಲಿಂಗ್ ಕೂಲಿ

ಹೌದು, ಅದೇ ಪುಸ್ತಕ. ಶಬ್ದದ ಬ್ಯಾಂಡ್ ಅಂಕಿಗಳೂ ಬಂದವು. ರಿಟರ್ನ್ ಕಡೆಯ ಲೆಕ್ಕ ಎನ್‌ಸಿ 32ಕ್ಕೆ ನಿಲ್ಲುತ್ತಿದೆ, 30 ಆಗುತ್ತಿಲ್ಲ. ಒಳಗೆ ಅಕೌಸ್ಟಿಕ್ ಲೈನಿಂಗ್ ಇರುವ ಸಣ್ಣ ರಿಟರ್ನ್ ಪ್ಲೀನಂ, ಒಂದು ತಿರುವಿನೊಂದಿಗೆ, ಸೇರಿಸಿದರೆ 30ರೊಳಗೆ ಬರುತ್ತದೆ. ಕೋಣೆಗೆ ₹1,000. ಪ್ಲೀನಂ ಸೇರಿಸಿದ ಮೇಲೂ ಸ್ಟ್ಯಾಟಿಕ್ 30 ಪಾಸ್ಕಲ್ ದಾಟುವುದಿಲ್ಲ. ತಿದ್ದಿದ ಪತ್ರ:

> ಮಾನ್ಯರೇ,
>
> ವಿಷಯ: 96 ಅತಿಥಿ ಕೋಣೆಗಳ ಎಫ್‌ಸಿಯು ಬದಲಾವಣೆ, ಒಪ್ಪಂದದ ಕಲಂ 13.2ರ ಅಡಿಯಲ್ಲಿ ಪ್ರಸ್ತಾವ.
>
> ಟೆಂಡರ್‌ನಲ್ಲಿ ಸೂಚಿಸಿರುವ ಯೂನಿಟ್ ಬದಲು, ಭಾರತದಲ್ಲಿ ತಯಾರಾಗುವ ನಾಲ್ಕು ರೋ ಕಾಯಿಲ್, ಇಸಿ ಮೋಟರ್ ಯೂನಿಟ್ ಅಳವಡಿಸಲು ಪ್ರಸ್ತಾಪಿಸುತ್ತೇವೆ. ಮೋಟರ್ ಬಗೆ, ಥರ್ಮೋಸ್ಟಾಟ್, ಡ್ರೇನ್ ವ್ಯವಸ್ಥೆ ಬದಲಾಗುವುದಿಲ್ಲ.
>
> ಕೋಣೆಗೆ ಬೇಕಾದ ತಂಪು: ಸೆನ್ಸಿಬಲ್ 2.5, ಒಟ್ಟು 3.0 ಕಿಲೋವ್ಯಾಟ್. ಬೆಂಗಳೂರಿನ ಎತ್ತರ, ತಮ್ಮ ಕೋಣೆಯ ಉಷ್ಣತೆ ಹಾಗೂ ಡಕ್ಟ್ ಒತ್ತಡದಲ್ಲಿ ಪ್ರಸ್ತಾವಿತ ಯೂನಿಟ್ ಕೊಡುವುದು: 2.58 ಮತ್ತು 3.15. ತಯಾರಕರ ಸೆಲೆಕ್ಷನ್ ಶೀಟ್ ಲಗತ್ತು 1.
>
> ಶಬ್ದ: ಯೂನಿಟ್ ಮಾತ್ರ ಹಾಕಿದರೆ ಎನ್‌ಸಿ 32 ಆಗುತ್ತದೆ. ಆದ್ದರಿಂದ ಲೈನಿಂಗ್ ಇರುವ ರಿಟರ್ನ್ ಪ್ಲೀನಂ ಸೇರಿಸಿದ್ದೇವೆ. ಲೆಕ್ಕ ಲಗತ್ತು 2.
>
> ಕಡಿಮೆಯಾಗುವುದು: ಒಂದು ಯೂನಿಟ್ 7 ವ್ಯಾಟ್ ಹೆಚ್ಚು ಬಳಸುತ್ತದೆ. ವರ್ಷಕ್ಕೆ 3,500 ಗಂಟೆ, ವಿದ್ಯುತ್ ಯೂನಿಟ್‌ಗೆ ₹9 ಎಂದು ಹಿಡಿದರೆ 96 ಕೋಣೆಗೆ ವರ್ಷಕ್ಕೆ ₹21,168.
>
> ಬೆಲೆ: ಯೂನಿಟ್‌ಗಳಲ್ಲಿ ಇಳಿಕೆ ₹12,00,000. ಪ್ಲೀನಂ ವೆಚ್ಚ ₹96,000. ನಿವ್ವಳ ಇಳಿಕೆ ₹11,04,000. ಹತ್ತು ವರ್ಷದ ಹೆಚ್ಚುವರಿ ವಿದ್ಯುತ್ ₹2,11,680 ಕಳೆದರೆ ₹8,92,320. ಇದರ ಅರ್ಧ ₹4,46,160 ಗುತ್ತಿಗೆದಾರರ ಪಾಲು. ತಮ್ಮ ಬಿಲ್‌ನಲ್ಲಿ ಇಳಿಕೆ ₹6,57,840.
>
> ಪೂರ್ತಿ ಆರ್ಡರ್‌ಗೆ ಮೊದಲು ಒಂದು ಮಾದರಿ ಕೋಣೆಯಲ್ಲಿ ತಮ್ಮ ಕನ್ಸಲ್ಟಂಟ್ ಎದುರು ಗಾಳಿ, ತಂಪು, ಶಬ್ದ ಅಳೆದು ತೋರಿಸುತ್ತೇವೆ. ಒಪ್ಪಿದ ಅಂಕಿ ಬರದಿದ್ದರೆ ಈ ಪ್ರಸ್ತಾವ ಹಿಂಪಡೆದು ಟೆಂಡರ್ ಯೂನಿಟ್ ಅನ್ನೇ ಒದಗಿಸುತ್ತೇವೆ.

ಹಳೇ ಡ್ಯಾಂಪರ್

ಇದು ಕನ್ಸಲ್ಟಂಟ್ ಕೂತು ಓದುವಂಥ ಪತ್ರ. "ಕಡಿಮೆಯಾಗುವುದು" ಅನ್ನುವ ಪ್ಯಾರಾ ತೆಗೆಯಬೇಡಿ, ಯಾರು ಹೇಳಿದರೂ. ಅದು ಇರುವುದರಿಂದಲೇ ಉಳಿದ ಅಂಕಿ ನಂಬುತ್ತಾರೆ.

ಎರಡು ಸೇರಿಸಿ. ನಾಲ್ಕು ರೋ ಕಾಯಿಲ್‌ನಲ್ಲಿ ನೀರಿನ ಒತ್ತಡ ನಷ್ಟ ಬೇರೆ ಇರುತ್ತದೆ. ಪಂಪ್‌ಗೆ ಅತಿ ದೂರದ ಕೋಣೆಗೆ ಒಂದು ಸಲ ಲೆಕ್ಕ ಮಾಡಿ ಒಂದು ಸಾಲು ಬರೆಯಿರಿ. ಇನ್ನೊಂದು, ಕೊನೆಯ ವಾಕ್ಯದ ಮಾತು ಉಳಿಸಿಕೊಳ್ಳಬೇಕಾದರೆ ಟೆಂಡರ್ ಯೂನಿಟ್ ಹೊರದೇಶದಿಂದ ಬರಲು ಬೇಕಾದ ವಾರಗಳನ್ನು ಲೆಕ್ಕ ಹಾಕಿ, "ಇಂಥ ದಿನಾಂಕದೊಳಗೆ ನಿರ್ಧಾರ ಬೇಕು" ಅಂತ ಕಾರಣ ಸಮೇತ ಹಾಕಿ. ಬರೀ "ಏಳು ದಿನ" ಅಂದರೆ ಒತ್ತಾಯ ಅನ್ನಿಸುತ್ತದೆ.

ಮಾದರಿ ಕೋಣೆಯಲ್ಲಿ ಅಳೆಯುವಾಗ ಎಚ್ಚರ. ತಂಪನ್ನು ನೀರಿನ ಕಡೆಯಿಂದ ಲೆಕ್ಕ ಮಾಡಿದರೆ ವ್ಯತ್ಯಾಸ ಬರೀ 5 ಡಿಗ್ರಿ. ಎರಡು ಥರ್ಮಾಮೀಟರ್ ಅರ್ಧರ್ಧ ಡಿಗ್ರಿ ವಿರುದ್ಧ ದಿಕ್ಕಿಗೆ ತಪ್ಪಿದರೆ ಉತ್ತರ ಶೇ. 20 ತಪ್ಪು. ನಿಮ್ಮ ಅಂತರ ಇರುವುದು ಶೇ. 3ರಿಂದ 5. ಎರಡೂ ಪ್ರೋಬ್‌ಗಳನ್ನು ಮೊದಲು ಒಂದೇ ಐಸ್ ನೀರಿನಲ್ಲಿ ಮುಳುಗಿಸಿ ವ್ಯತ್ಯಾಸ ಬರೆದುಕೊಳ್ಳಿ. ಅರ್ಧ ಪರೀಕ್ಷೆ ಆದ ಮೇಲೆ ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಿ ಮತ್ತೆ ಓದಿ, ಸರಾಸರಿ ತೆಗೆಯಿರಿ. ಗಾಳಿಯನ್ನು ಗ್ರಿಲ್ ಬಾಯಲ್ಲಿ ಅಳೆಯಬೇಡಿ, ಡಕ್ಟ್‌ನಲ್ಲಿ ಹಲವು ಬಿಂದುಗಳಲ್ಲಿ ಅಳೆಯಿರಿ. ಫಿಲ್ಟರ್ ಹಾಕಿಯೇ ಪರೀಕ್ಷೆ ಮಾಡಿ, ತೆಗೆದಿಟ್ಟರೆ ಗಾಳಿ ಹೆಚ್ಚು ಬರುತ್ತದೆ, ಕನ್ಸಲ್ಟಂಟ್‌ಗೆ ಅದು ಗೊತ್ತಿರುತ್ತದೆ.

ದೋಹಾ ದಾರಿ

ಸೈಟ್‌ನಲ್ಲಿ ಇಷ್ಟು ನಿಖರವಾಗಿ ಆಗುವುದು ಕಷ್ಟ. ಕಾರ್ಖಾನೆಯ ಲ್ಯಾಬ್‌ನಲ್ಲೇ ಒಂದು ಯೂನಿಟ್ ಸಾಕ್ಷಿ ಪರೀಕ್ಷೆ ಮಾಡಿಸಿ, ಸೈಟ್‌ನಲ್ಲಿ ಗಾಳಿ, ಶಬ್ದ ಮಾತ್ರ ನೋಡಿ. ಲ್ಯಾಬ್ ಯಾವ ಎತ್ತರದಲ್ಲಿದೆ ಅಂತಲೂ ಕೇಳಿ, ಇಲ್ಲದಿದ್ದರೆ ಮತ್ತೆ ಅದೇ 10 ಪರ್ಸೆಂಟ್ ಕಥೆ.

ಹಳೇ ಡ್ಯಾಂಪರ್

ಒಪ್ಪಿದೆ. ಅದು ನನ್ನದಕ್ಕಿಂತ ಒಳ್ಳೇ ದಾರಿ. ಪತ್ರದಲ್ಲಿ "ತಂಪು" ಅನ್ನುವುದನ್ನು ಲ್ಯಾಬ್ ಪರೀಕ್ಷೆಗೆ ವರ್ಗಾಯಿಸಿ.

ಬಿಲ್ ಬಾಣ

ಪತ್ರ ಚೆನ್ನಾಗಿದೆ, ಆದರೆ ₹4,46,160 ಕೈಗೆ ಬರುತ್ತದೆ ಅಂತ ಈಗಲೇ ಬಜೆಟ್‌ಗೆ ಹಾಕಬೇಡಿ. ಕಂಪನಿ ಬದಲಾವಣೆ ಮಾತ್ರ ಆದರೆ ಅದು ವಿನ್ಯಾಸ ಬದಲಾವಣೆಯೇ ಅಲ್ಲ, ಅರ್ಧ ಪಾಲು ಅನ್ವಯಿಸುವುದಿಲ್ಲ ಅಂತ ಇಂಜಿನಿಯರ್ ವಾದಿಸಬಹುದು. ಕಾಯಿಲ್, ಪ್ಲೀನಂ, ಗಾಳಿ ಪ್ರಮಾಣ ಬದಲಾಗಿದೆ ಅಂತ ನೀವು ಹೇಳಬಹುದು. ಹಾಗೆ ಹೇಳಿದ ಕ್ಷಣ ವಿನ್ಯಾಸದ ಹೊಣೆ ತಲೆಮೇಲೆ ಬರುತ್ತದೆ. ಲ್ಯಾಬ್ ಪರೀಕ್ಷೆಯ ಖರ್ಚು ಪ್ರಸ್ತಾವದ ಖರ್ಚೋ ಕೆಲಸದ ಖರ್ಚೋ ಅನ್ನುವುದೂ ಜಗಳದ ವಿಷಯವೇ. ನನ್ನ ಪ್ರಕಾರ ನಿಮ್ಮದು.

ಹಳೇ ಡ್ಯಾಂಪರ್

ಒಪ್ಪಿಗೆಗೆ ಮುಂಚಿನದು ಗುತ್ತಿಗೆದಾರರದು, ಒಪ್ಪಿದ ಮೇಲಿನದು ಬೆಲೆ ಇಳಿಕೆಯಿಂದ ಕಳೆಯಬಹುದು ಅಂತ ನನ್ನ ಅಭಿಪ್ರಾಯ.

ಬಿಲ್ ಬಾಣ

ಹಾಗಾದರೆ ಮಾಲೀಕರು ಪರೀಕ್ಷೆ ಮುಗಿಯುವವರೆಗೆ ಒಪ್ಪುವುದೇ ಇಲ್ಲ ಸರ್!

ಕೂಲಿಂಗ್ ಕೂಲಿ

ಖರ್ಚಿನ ವಿಷಯ ಪತ್ರದಲ್ಲಿ ಬರೆಯದೆ ಸಭೆಯಲ್ಲೇ ಕೇಳುತ್ತೇನೆ. ಲ್ಯಾಬ್‌ಗೆ ಫೋನ್ ಮಾಡಿದೆ, ನಾಲ್ಕು ರೋ ಯೂನಿಟ್ ಪರೀಕ್ಷೆಗೆ ಇಡಬಹುದಂತೆ. ಆದರೆ ಅವರ ವರದಿಯಲ್ಲಿ ಕಾಯಿಲ್ ಸರ್ಕ್ಯೂಟ್ ಸಂಖ್ಯೆ ಬರೆಯುವ ಪದ್ಧತಿ ಇಲ್ಲ ಅಂದರು. ಅದು ಬೇಕೇ ಬೇಕಾ?

ಹಳೇ ಡ್ಯಾಂಪರ್

ಬೇಕು. ರೋ ನಾಲ್ಕೇ ಇಟ್ಟು ಸರ್ಕ್ಯೂಟ್ ಸಂಖ್ಯೆ ಬದಲಿಸಿದರೆ ನೀರಿನ ಒತ್ತಡ ನಷ್ಟವೂ ತಂಪೂ ಎರಡೂ ಬದಲಾಗುತ್ತವೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಇಟ್ಟ ಯೂನಿಟ್‌ನ ಹೆಡರ್ ಫೋಟೋ ತೆಗೆದು, ಅದಕ್ಕೆ ಬೆಸೆದಿರುವ ಕೊಳವೆಗಳನ್ನು ಎಣಿಸಿ, ಸೀರಿಯಲ್ ನಂಬರ್ ಜತೆ ವರದಿಗೆ ಪಿನ್ ಮಾಡಿ. ಸೈಟ್‌ಗೆ ಲೋಡ್ ಬಂದಾಗ ನಾಲ್ಕೈದು ಪೆಟ್ಟಿಗೆ ಬಿಚ್ಚಿ ಅದೇ ಸಂಖ್ಯೆ ಇದೆಯಾ ನೋಡಿ.